ಬ್ಲೂ ಟಿಕ್ ಬಿತ್ತು, ರಿಪ್ಲೈ ಬರಲಿಲ್ಲ: ನಡುವಿನ ಖಾಲಿ ಜಾಗದಲ್ಲಿ ಏನಾಗುತ್ತೆ?

ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಒಂದು ಕಾನೂನು ಜಾರಿಗೆ ಬಂತು, ಒಂದು ವರ್ಷ ಆದ್ಮೇಲೆ 15ಕ್ಕಿಂತ ಕಡಿಮೆ ಜನ ಇರೋ ಸಣ್ಣ ಸಂಸ್ಥೆಗಳಿಗೂ ಅದು ಅನ್ವಯ ಆಯ್ತು. ಕೆಲಸದ ಟೈಮ್ ಮುಗಿದ ಮೇಲೆ ಆಫೀಸಿಂದ ಬರೋ ಮೆಸೇಜ್ ನೋಡ್ತಾ ಇರೋದು, ಓದೋದು, ಉತ್ತರ ಕೊಡೋದು, ಈ ಮೂರನ್ನೂ ನೌಕರ ನಿರಾಕರಿಸಬಹುದು, ನಿರಾಕರಣೆ ಅಸಮಂಜಸ ಅನಿಸಬಾರದು ಅಷ್ಟೇ. ಸುದ್ದಿ ಬಂದಾಗ ಎಷ್ಟೋ ಜನ ಇದನ್ನ "ಬಾಸ್ ಇನ್ನು ಮೆಸೇಜೇ ಮಾಡೋ ಹಾಗಿಲ್ಲವಂತೆ" ಅಂತ ಅರ್ಥ ಮಾಡ್ಕೊಂಡ್ರು. ಹಾಗೇನಿಲ್ಲ. ಬಾಸ್ ಮೆಸೇಜ್ ಮಾಡಬಹುದು. ತಕ್ಷಣ ಉತ್ತರ ಬರಲೇಬೇಕು ಅನ್ನೋ ಹಾಗಿಲ್ಲ.

ಈ ಕಾನೂನಿನ ಒಂದು ಪದಜೋಡಣೆ ಆಫೀಸಿನ ಆಚೆಗೂ ಉಪಯೋಗಕ್ಕೆ ಬರುತ್ತೆ. ಮೆಸೇಜ್ ಬಂದಿದೆಯಾ ಅಂತ ಗಮನಿಸೋದು ಒಂದು ಕೆಲಸ, ಓದೋದು ಇನ್ನೊಂದು, ಉತ್ತರಿಸೋದು ಮತ್ತೊಂದು ಅಂತ ಅದು ಬೇರೆ ಬೇರೆ ಮಾಡಿ ಹೇಳುತ್ತೆ. ನಾವು ಸ್ನೇಹಿತರ ಜೊತೆ, ಮನೆಯವರ ಜೊತೆ ದಿನಾ ಮಾಡೋ ಚಾಟ್‌ನಲ್ಲಿ ಈ ಮೂರನ್ನೂ ಒಂದೇ ಅಂದ್ಕೊಂಡು ಬಿಡ್ತೀವಿ, ಟಿಕ್ ನೀಲಿ ಆಯ್ತು ಅಂದ್ರೆ ಬಂತು, ಓದಿದ್ರು, ಅರ್ಥ ಆಯ್ತು, ಆದ್ರೂ ಉತ್ತರ ಕೊಡದೇ ಇರೋಕೆ ತೀರ್ಮಾನ ಮಾಡಿದ್ರು ಅಂತ. ಅಲ್ಲಿಂದಲೇ ತಪ್ಪು ತಿಳುವಳಿಕೆ ಶುರು.

## ಟಿಕ್ ನಿಜವಾಗಿ ಏನು ಹೇಳುತ್ತೆ

ವಾಟ್ಸಾಪ್‌ನಲ್ಲಿ ಒಂದು ಗ್ರೇ ಟಿಕ್ ಅಂದ್ರೆ ನಿಮ್ಮ ಕಡೆಯಿಂದ ಮೆಸೇಜ್ ಹೋಯ್ತು ಅಂತ. ಎರಡು ಗ್ರೇ ಟಿಕ್ ಅಂದ್ರೆ ಅವರ ಫೋನಿಗೋ ಅವರು ಲಿಂಕ್ ಮಾಡಿರೋ ಬೇರೆ ಡಿವೈಸ್‌ಗೋ ತಲುಪಿತು ಅಂತ. 2014ರ ನವೆಂಬರ್‌ನಲ್ಲಿ ಬಂದ ನೀಲಿ ಬಣ್ಣ ಚಾಟ್ ಓಪನ್ ಆಯ್ತು ಅಂತ ಹೇಳುತ್ತೆ. ಓಪನ್ ಆಯ್ತು, ಅಷ್ಟೇ. ಒಳಗಿನ ಮಾತು ತಲೆಗೆ ಹೋಯ್ತಾ ಇಲ್ವಾ ಅದಕ್ಕೆ ಗೊತ್ತಿಲ್ಲ. ಬೇರೆ ಯಾವುದೋ ಹಳೇ ಫೋಟೋ ಹುಡುಕೋಕೆ ಅದೇ ಚಾಟ್ ತೆಗೆದ್ರೂ ನೀಲಿ ಆಗುತ್ತೆ, ಚಾಟ್ ತೆರೆದಿಟ್ಟು ಯಾರ ಜೊತೆಗೋ ಮಾತಾಡ್ತಾ ಇದ್ದಾಗ ಮೆಸೇಜ್ ಬಂದ್ರೂ ನೀಲಿ ಆಗುತ್ತೆ. ಇದರ ಉಲ್ಟಾ ಕೂಡ ಇದೆ: ನೋಟಿಫಿಕೇಶನ್‌ನಲ್ಲೇ ಪೂರ್ತಿ ಓದಿ ಮುಗಿಸಿದ್ರೆ ಟಿಕ್ ಗ್ರೇ ಆಗೇ ಉಳಿಯುತ್ತೆ.

ಅಂದ್ರೆ ನೀಲಿ ಇದ್ದೂ ಓದದೇ ಇರಬಹುದು, ಗ್ರೇ ಇದ್ದೂ ಓದಿರಬಹುದು. ಇದು ಈಗಿನ ಆ್ಯಪ್‌ಗಳು ಹುಟ್ಟುಹಾಕಿದ ಸಮಸ್ಯೆ ಅಲ್ಲ. ಇಮೇಲ್‌ಗೆ ರೀಡ್ ರಸೀದಿ ಹೇಗಿರಬೇಕು ಅಂತ ಹೇಳೋ ಆರ್‌ಎಫ್‌ಸಿ 8098 ಅನ್ನೋ ತಾಂತ್ರಿಕ ದಾಖಲೆ 2017ರಲ್ಲಿ ಬಂತು, ಅದರಲ್ಲಿ ಮೆಸೇಜ್ ತೋರಿಸಲಾಗಿದೆ ಅನ್ನೋ ಗುರುತಿನ ಪಕ್ಕದಲ್ಲೇ ಬರೆದಿದ್ದಾರೆ, ಇದರಿಂದ ಒಳಗಿರೋದನ್ನ ಓದಿದ್ದಾರೆ ಅಥವಾ ಅರ್ಥ ಮಾಡ್ಕೊಂಡಿದ್ದಾರೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ ಅಂತ. ರಸೀದಿ ರೂಪಿಸಿದವರೇ ಇಷ್ಟು ಸ್ಪಷ್ಟವಾಗಿ ಹೇಳಿದ್ದು ಬಳಸೋ ನಮ್ಮವರೆಗೆ ಬಂದಿಲ್ಲ.

## ಮೌನಕ್ಕೆ ಅರ್ಥ ಹಚ್ಚೋ ಅಭ್ಯಾಸ

ಎದುರಾಎದುರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗೋ ನಡುವೆ ಇರೋ ಗ್ಯಾಪ್ ತುಂಬಾ ಚಿಕ್ಕದು. ಹತ್ತು ಭಾಷೆಗಳನ್ನ ಹೋಲಿಸಿ 2009ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅದು ಸುಮಾರು 200 ಮಿಲಿಸೆಕೆಂಡ್, ಅಂದ್ರೆ ಸೆಕೆಂಡಿನ ಐದನೇ ಒಂದು ಭಾಗ. ಅದಕ್ಕಿಂತ ಸ್ವಲ್ಪ ಜಾಸ್ತಿ ತಡವಾದ್ರೂ ಕೇಳಿದವರಿಗೆ "ಇವರು ಇಲ್ಲ ಅನ್ನೋಕೆ ಹೊರಟಿದ್ದಾರೆ" ಅನ್ನೋ ಸುಳಿವು ಸಿಕ್ಕಿಬಿಡುತ್ತೆ, ಮತ್ತೆ ಎಷ್ಟೋ ಸಲ ಅದು ಸರಿನೂ ಆಗಿರುತ್ತೆ. ಒಪ್ಪಿಗೆ ಬೇಗ ಬರುತ್ತೆ, ನಿರಾಕರಣೆ ತಡವರಿಸಿ ಬರುತ್ತೆ.

ಈಗ ಈ ಅಭ್ಯಾಸವನ್ನೇ ಚಾಟ್‌ಗೂ ಹೊತ್ಕೊಂಡು ಬರ್ತೀವಿ. ಬರೀ ಗ್ರೇ ಟಿಕ್ ಇದ್ದಾಗ "ಇನ್ನೂ ನೋಡಿಲ್ಲ" ಅಂತ ಸಮಾಧಾನ ಇರುತ್ತೆ, ಯಾಕಂದ್ರೆ ಅವರ ಸರದಿ ಇನ್ನೂ ಶುರುವೇ ಆಗಿಲ್ಲ. ನೀಲಿ ಆದ ಕ್ಷಣಕ್ಕೆ ಅವರ ಸರದಿ ಶುರುವಾಯ್ತು ಅಂತ ನಮ್ಮ ತಲೆ ಲೆಕ್ಕ ಹಾಕೋಕೆ ಶುರು ಮಾಡುತ್ತೆ. ಅಲ್ಲಿಂದ ಪ್ರತಿ ಗಂಟೆಯೂ ತಡವರಿಸಿದ ಹಾಗೆ ಕೇಳಿಸುತ್ತೆ, ಎದುರಿಗಿದ್ದಿದ್ರೆ ಮುಖ ನೋಡಿ "ಓಹ್ ಸುಸ್ತಾಗಿದ್ದಾರೆ" ಅಂತನೋ "ಬೇರೆ ಯೋಚನೆಲಿದ್ದಾರೆ" ಅಂತನೋ ಸರಿ ಮಾಡ್ಕೋತಿದ್ವಿ, ಇಲ್ಲಿ ಎರಡು ಸಣ್ಣ ಗೀಟು ಬಿಟ್ರೆ ನೋಡೋಕೆ ಏನೂ ಇಲ್ಲ.

ಇನ್ನೊಂದು ತಪ್ಪು ಲೆಕ್ಕ ಮೆಸೇಜ್ ಪಡೆದವರ ಕಡೆ ನಡೆಯುತ್ತೆ, ಇದರ ಬಗ್ಗೆ ಮಾತಾಡೋದು ಕಡಿಮೆ. ಲಾರಾ ಜುರ್ಜೆ ಮತ್ತು ವನೆಸ್ಸಾ ಬೋನ್ಸ್ ಅನ್ನೋ ಇಬ್ಬರು ಸಂಶೋಧಕರು 2021ರಲ್ಲಿ ಆಫೀಸ್ ಇಮೇಲ್ ಬಗ್ಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡಿದ್ದು ಇದು: ಅರ್ಜೆಂಟ್ ಅಲ್ಲದ ಇಮೇಲ್ ಬಂದಾಗ ಪಡೆದವರು, ಕಳಿಸಿದವರಿಗೆ ನಿಜವಾಗಿ ಬೇಕಾಗಿದ್ದಕ್ಕಿಂತ ಬೇಗ ಉತ್ತರ ಬೇಕಂತೆ ಅಂದ್ಕೋತಾರೆ. ಕಳಿಸಿದವರು "ನಿಧಾನಕ್ಕೆ ನೋಡಿ, ಅವಸರ ಇಲ್ಲ" ಅಂತ ಒಂದು ಸಾಲು ಸೇರಿಸಿದ್ರೆ ಈ ಅಂತರ ಕಡಿಮೆ ಆಗುತ್ತೆ.

ಇದು ಯಾಕೆ ಮುಖ್ಯ ಅಂದ್ರೆ, ತಡ ಇನ್ನಷ್ಟು ತಡ ಆಗೋದಕ್ಕೆ ಇದೂ ಒಂದು ಕಾರಣ ಆಗಬಹುದು. ಆರು ಗಂಟೆ ತಡವಾದಾಗಲೇ "ಅಯ್ಯೋ ತುಂಬಾ ಲೇಟಾಯ್ತು" ಅನಿಸುತ್ತೆ. ಲೇಟಾಗಿದೆ ಅಂದ್ಮೇಲೆ ಬರೀ "ಹೂಂ" ಅಂದ್ರೆ ಸಾಲದು, ಚೆನ್ನಾಗಿ ಉದ್ದಕ್ಕೆ ಬರೀಬೇಕು ಅನಿಸುತ್ತೆ. ಉದ್ದಕ್ಕೆ ಬರೆಯೋಕೆ ಪುರುಸೊತ್ತು ಬೇಕು, ಅದಿಲ್ಲ ಅಂತ ನಾಳೆಗೆ ಹೋಗುತ್ತೆ, ನಾಳೆ ಇನ್ನೂ ಉದ್ದಕ್ಕೆ ಬರೀಬೇಕು. ಹೊರಗಿಂದ ನೋಡಿದವರಿಗೆ ಇದು ಅಸಡ್ಡೆ ಥರ ಕಾಣುತ್ತೆ, ಒಳಗೆ ಎಷ್ಟೋ ಸಲ ನಡೀತಿರೋದು ಅಳುಕು.

## ಟಿಕ್ ಆಫ್ ಮಾಡಿದ್ರೆ ಮುಗೀತಲ್ಲ ಅನ್ನೋ ವಾದ

ಒಂದು ಕಡೆಯವರು ಹೇಳೋದು, ಯಾವಾಗ ಓದಿದೆ ಅನ್ನೋದು ನನ್ನ ಸ್ವಂತ ವಿಷಯ, ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಟ್ರೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಇನ್ನೊಂದು ಕಡೆಯವರು ಹೇಳೋದು, ಓದೋಕೆ ಟೈಮ್ ಇದ್ದವರಿಗೆ ಒಂದು ಪದ ಟೈಪ್ ಮಾಡೋಕೆ ಟೈಮ್ ಇರಲ್ವಾ. ಎರಡರಲ್ಲೂ ನಿಜ ಇದೆ, ಎರಡೂ ಅರ್ಧ ದಾರಿಗೆ ನಿಲ್ಲುತ್ತೆ.

ಆಫ್ ಮಾಡಿದ್ರೆ ನಿಮಗೂ ಬೇರೆಯವರ ಟಿಕ್ ಕಾಣಲ್ಲ, ಗ್ರೂಪ್ ಚಾಟ್‌ನಲ್ಲಿ ಮಾತ್ರ ಓದಿದ ಗುರುತು ಕಾಣ್ತಾನೇ ಇರುತ್ತೆ, ವಾಯ್ಸ್ ಮೆಸೇಜ್ ಕೇಳಿದ ಗುರುತೂ ಕಳಿಸಿದವರಿಗೆ ಕಾಣುತ್ತೆ. ಚಾಟನ್ನ ಓದಿಲ್ಲ ಅಂತ ಮಾರ್ಕ್ ಮಾಡಿದ್ರೆ ಅದು ನಿಮ್ಮ ಫೋನಲ್ಲಿ ನಿಮಗೆ ನೆನಪಿಸೋಕೆ ಅಷ್ಟೇ, ಅವರ ಕಡೆ ಬಿದ್ದ ನೀಲಿ ವಾಪಸ್ ಬರಲ್ಲ. ಇದಕ್ಕಿಂತ ದೊಡ್ಡ ಸಮಸ್ಯೆ ಏನು ಅಂದ್ರೆ, ಟಿಕ್ ಕಾಣದಿದ್ದಾಗ ಕಾಯ್ತಿರೋರು ಬೇರೆ ಸುಳಿವು ಹುಡುಕ್ತಾರೆ: ಆನ್‌ಲೈನ್ ಇದ್ದಾರಾ, ಲಾಸ್ಟ್ ಸೀನ್ ಎಷ್ಟೊತ್ತಿಗೆ. ಟಿಕ್ಕಿಗೆ ಹೋಲಿಸಿದ್ರೆ ಇವೆಲ್ಲ ಇನ್ನೂ ಕೆಟ್ಟ ಸಾಕ್ಷಿ, ಯಾಕಂದ್ರೆ ಆನ್‌ಲೈನ್ ಅನ್ನೋದು ಆ್ಯಪ್ ತೆರೆದಿದೆ ಅಂತ ಹೇಳುತ್ತೆ, ನಿಮ್ಮ ಚಾಟ್ ತೆರೆದಿದೆ ಅಂತ ಅಲ್ಲ.

ಇನ್ನು "ಒಂದು ಪದ ಟೈಪ್ ಮಾಡು" ಅನ್ನೋ ವಾದ. ಊಟಕ್ಕೆ ಬರ್ತೀಯಾ ಅಂತ ಕೇಳಿದ್ರೆ ಒಂದು ಪದ ಸಾಕು. ಕೂತು ಓದಿ ಯೋಚಿಸಿ ಹೇಳಬೇಕಾದ ವಿಷಯಕ್ಕೆ ಒಂದು ಪದದಲ್ಲಿ ಉತ್ತರ ಇರಲ್ಲ. ಅಲ್ಲಿ ಆ ಒಂದು ಪದ ಏನು ಹೇಳಬೇಕು ಅನ್ನೋದೇ ಪ್ರಶ್ನೆ, ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರು ಅಲ್ಲಿ ಟೈಪ್ ಮಾಡೋ ಪದ "ನೋಡ್ತೀನಿ". ಆ ಪದಕ್ಕೆ ಓದ್ತೀನಿ ಅನ್ನೋ ಅರ್ಥನೂ ಇದೆ, ಆದ್ರೆ ಆಯ್ತು ಇಲ್ಲಾಂದ್ರೆ ಇಲ್ಲ ಅನ್ನೋ ಅರ್ಥನೂ ಇದೆ. ಕೇಳಿದವರು ಮೊದಲನೇದು ತಗೋತಾರೆ, ಹೇಳಿದವರು ಎರಡನೇದರಲ್ಲಿ ಇರ್ತಾರೆ.

## ಒಂದು ಕೇಸ್, ದಿನದಿಂದ ದಿನಕ್ಕೆ

ಇಬ್ಬರು ಹಳೇ ಸ್ನೇಹಿತೆಯರು ಅಂತ ಇಟ್ಕೊಳ್ಳಿ. ಒಬ್ಬಳು ಒಂದು ಕೆಲಸಕ್ಕೆ ಅರ್ಜಿ ಹಾಕ್ತಿದ್ದಾಳೆ, ಜೊತೆಗೆ ಎರಡು ಪುಟದ ಬರಹ ಕಳಿಸಬೇಕು. ಮಂಗಳವಾರ ಬೆಳಿಗ್ಗೆ 10:40ಕ್ಕೆ ಫೈಲ್ ಕಳಿಸಿ "ಶುಕ್ರವಾರ ಸಂಜೆ ಲಾಸ್ಟು, ಅಷ್ಟರಲ್ಲಿ ಒಂದ್ಸಲ ಓದಿ ಹೇಳ್ತೀಯಾ?" ಅಂತ ಕೇಳಿದ್ಲು. 10:52ಕ್ಕೆ ನೀಲಿ ಆಯ್ತು.

ಮಂಗಳವಾರ ಪೂರ್ತಿ "ಕೆಲಸದಲ್ಲಿರ್ತಾಳೆ" ಅನ್ನೋದೇ ಅವಳ ಲೆಕ್ಕ. ಬುಧವಾರ ಮಧ್ಯಾಹ್ನ ಆ ಸ್ನೇಹಿತೆ ಗ್ರೂಪಲ್ಲಿ ಯಾರಿಗೋ ಹುಟ್ಟುಹಬ್ಬಕ್ಕೆ ವಿಶ್ ಮಾಡಿದ್ದು ಕಾಣಿಸ್ತು, ಅಲ್ಲಿಗೆ ಲೆಕ್ಕ ಬದಲಾಯ್ತು: ಟೈಮ್ ಇದೆ, ಓದಿದ್ದಾಳೆ, ಬರಹ ಚೆನ್ನಾಗಿಲ್ಲ, ಹೇಗೆ ಹೇಳೋದು ಅಂತ ಸುಮ್ಮನಿದ್ದಾಳೆ. ಇಲ್ಲಿ ನಷ್ಟ ಬರೀ ಬೇಜಾರಿನದಲ್ಲ, ಅವಳು ತನ್ನ ಬರಹದ ಬಗ್ಗೆನೇ ಅನುಮಾನ ಪಟ್ಟು ಗುರುವಾರ ರಾತ್ರಿ ಚೆನ್ನಾಗಿದ್ದ ಶುರುವಿನ ಭಾಗವನ್ನೇ ಬದಲಾಯಿಸಿದ್ಲು. ಆವತ್ತೇ ಒಂಬತ್ತು ಗಂಟೆಗೆ ಬರೀ ಒಂದು "?" ಕಳಿಸಿದ್ಲು. ಅದಕ್ಕೂ ನೀಲಿ ಬಿತ್ತು. ಶುಕ್ರವಾರ ನಾಲ್ಕಕ್ಕೆ ಅರ್ಜಿ ಹೋಯ್ತು, ಆ ಹೊತ್ತಿಗೆ ಅವಳ ತೀರ್ಮಾನ "ನಾನು ಅವಳಿಗೆ ಮುಖ್ಯ ಅಲ್ಲ" ಅನ್ನೋವರೆಗೆ ಹೋಗಿತ್ತು.

ಇನ್ನೊಬ್ಬಳ ಕಡೆ ಏನಾಗಿತ್ತು? ಎರಡು ಮೀಟಿಂಗ್ ನಡುವೆ ಚಾಟ್ ತೆರೆದಿದ್ಲು, ಮೆಸೇಜ್ ಓದಿದ್ಲು, ಫೈಲ್ ತೆರೆಯಲಿಲ್ಲ, ಫೋನಲ್ಲಿ ಓಡಿಸಿ ಓದೋದಲ್ಲ, ರಾತ್ರಿ ಲ್ಯಾಪ್‌ಟಾಪಲ್ಲಿ ಕೂತು ಓದೋಣ ಅಂದ್ಕೊಂಡ್ಲು. ರಾತ್ರಿ ಆಗಲಿಲ್ಲ. ಹುಟ್ಟುಹಬ್ಬದ ವಿಶ್‌ಗೆ ಐದು ಸೆಕೆಂಡ್ ಸಾಕು, ಈ ಕೆಲಸಕ್ಕೆ ಒಂದು ಗಂಟೆ ಬೇಕು, ಹಾಗಾಗಿ ಅದು ಆಯ್ತು, ಇದು ಉಳೀತು. ಗುರುವಾರದ "?" ನೋಡಿದಾಗ ಬೈದ ಹಾಗೆ ಅನಿಸಿ ಉತ್ತರ ಕೊಡೋಕೆ ಇನ್ನೂ ಕಷ್ಟ ಆಯ್ತು.

ಗಮನಿಸಿ, ಸ್ನೇಹಿತೆ ಮುಖ್ಯ ಅಂತಲೇ ಅವಳು ಫೋನಲ್ಲಿ ಓಡಿಸಿ ಓದಲಿಲ್ಲ. ಆದ್ರೂ ತಪ್ಪು ಅವಳದ್ದೇ, ಅದನ್ನ ಮರೆಸಬಾರದು. ತಪ್ಪು ಯಾವುದು ಅನ್ನೋದು ಮಾತ್ರ ಸರಿಯಾಗಿ ಗೊತ್ತಾಗಬೇಕು. ಓದದೇ ಇದ್ದಿದ್ದು ಸಣ್ಣದು. ಓದೋಕೆ ಆಗ್ತಿಲ್ಲ ಅಂತ ಬುಧವಾರವೇ ಹೇಳದೇ ಇದ್ದಿದ್ದು ದೊಡ್ಡದು, ಹೇಳಿದ್ರೆ ಆಕೆ ಬೇರೆ ಯಾರಿಗಾದ್ರೂ ತೋರಿಸ್ತಿದ್ಲು.

## ಶನಿವಾರದ ಮೆಸೇಜ್

ಈಗ ಶನಿವಾರ ಬೆಳಿಗ್ಗೆ ಅವಳು ಏನು ಬರೀಬೇಕು? ಸಾಮಾನ್ಯವಾಗಿ ಹೋಗೋ ಮೆಸೇಜ್ ಹೀಗಿರುತ್ತೆ:

"ಸಾರಿ ಕಣೇ, ಲೇಟಾಯ್ತು. ಈ ವಾರ ಫುಲ್ ಬಿಸಿ, ಮೀಟಿಂಗ್ ಮೇಲೆ ಮೀಟಿಂಗ್, ನಿಜವಾಗ್ಲೂ ಟೈಮೇ ಸಿಗಲಿಲ್ಲ, ಆಮೇಲೆ ಮರೆತೇ ಹೋಯ್ತು. ಬೇಜಾರಾಗಿದ್ರೆ ಸಾರಿ."

ಇದರಲ್ಲಿ ಸುಳ್ಳು ಒಂದೂ ಇಲ್ಲ ಅಂತಲೇ ಇಟ್ಕೊಳ್ಳೋಣ, ಆದ್ರೂ ಇದು ಸಬೂಬಿನ ಥರ ಕೇಳಿಸುತ್ತೆ. ಯಾಕೆ ಅಂತ ವ್ಯಾಕರಣದಲ್ಲೇ ನೋಡಬಹುದು. ಲೇಟಾಯ್ತು, ಸಿಗಲಿಲ್ಲ, ಮರೆತೇ ಹೋಯ್ತು: ಎಲ್ಲಾ ಕ್ರಿಯಾಪದಗಳೂ ತಾವಾಗೇ ನಡೆದ ಹಾಗಿವೆ, "ನಾನು" ಅನ್ನೋದು ಎಲ್ಲೂ ಇಲ್ಲ. ಕನ್ನಡದಲ್ಲಿ ಈ ಸೌಕರ್ಯ ತುಂಬಾ ಇದೆ, "ಲೇಟ್ ಮಾಡಿದೆ" ಅನ್ನೋ ಬದಲು "ಲೇಟಾಯ್ತು", "ಮರೆತೆ" ಅನ್ನೋ ಬದಲು "ಮರೆತು ಹೋಯ್ತು", "ಓದಲಿಲ್ಲ" ಅನ್ನೋ ಬದಲು "ಓದೋಕೆ ಆಗಲಿಲ್ಲ". ದಿನದ ಮಾತಲ್ಲಿ ಇದು ಸಹಜ, ಯಾರೂ ತಪ್ಪು ಹುಡುಕಲ್ಲ. ಆದ್ರೆ ನಾಲ್ಕು ದಿನ ಕಾದವರಿಗೆ ಕೇಳಿಸೋದು, ಇದೆಲ್ಲ ಮಳೆ ಬಂದ ಹಾಗೆ ಬಂತು, ಇವಳ ಪಾಲು ಏನೂ ಇಲ್ಲ ಅಂತ. ಕೊನೇಲಿ ಬರೋ "ಬೇಜಾರಾಗಿದ್ರೆ" ಅಂತೂ ಆಕೆಯ ಬೇಜಾರನ್ನೇ ಅನುಮಾನಕ್ಕೆ ಬಿಡುತ್ತೆ.

ಉಲ್ಟಾ ಕಡೆ ಹೋಗೋರೂ ಇದ್ದಾರೆ, "ನಾನು ಎಂಥ ಕೆಟ್ಟ ಫ್ರೆಂಡು, ನನ್ನನ್ನ ಕ್ಷಮಿಸಿಬಿಡೇ ಪ್ಲೀಸ್" ಅಂತ. ಇದಕ್ಕೆ ಕಾದವಳೇ "ಛೇ ಹಾಗನ್ಬೇಡ, ಪರವಾಗಿಲ್ಲ" ಅಂತ ಸಮಾಧಾನ ಹೇಳಬೇಕಾಗುತ್ತೆ. ರಾಯ್ ಲೆವಿಕಿ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಷಮೆಯ ಆರು ಅಂಶಗಳನ್ನ ಹೋಲಿಸಿದ್ರು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ತಪ್ಪು ನನ್ನದು ಅಂತ ಒಪ್ಪಿಕೊಳ್ಳೋದು, ಆಮೇಲೆ ಸರಿಪಡಿಸ್ತೀನಿ ಅನ್ನೋದು, ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿದ್ದು ಕ್ಷಮಿಸಿ ಅಂತ ಬೇಡಿಕೊಳ್ಳೋದು. ಅದು ಇಂಥ ಚಾಟ್ ಬಗ್ಗೆ ಮಾಡಿದ ಅಧ್ಯಯನ ಅಲ್ಲ, ಆದ್ರೂ ಇಲ್ಲಿಗೂ ಹೊಂದುತ್ತೆ ಅನ್ನೋದು ನನ್ನ ಅಭಿಪ್ರಾಯ.

ಹಾಗಾದ್ರೆ ಹೀಗೆ ಬರೆದ್ರೆ:

"ಮಂಗಳವಾರವೇ ನಿನ್ನ ಮೆಸೇಜ್ ನೋಡಿದ್ದೆ. ರಾತ್ರಿ ಕೂತು ಓದೋಣ ಅಂತ ಪಕ್ಕಕ್ಕಿಟ್ಟೆ, ಆಮೇಲೆ ಓದಲಿಲ್ಲ, ಆಗ್ತಿಲ್ಲ ಅಂತ ನಿಂಗೆ ಹೇಳಲೂ ಇಲ್ಲ. ಹೇಳಿದ್ದಿದ್ರೆ ನೀನು ಬೇರೆಯವರಿಗಾದ್ರೂ ತೋರಿಸ್ತಿದ್ದೆ. ಸಾರಿ. ಬರಹ ಚೆನ್ನಾಗಿಲ್ಲ ಅಂತ ಸುಮ್ಮನಿದ್ದಿದ್ದಲ್ಲ, ಇವತ್ತು ಬೆಳಿಗ್ಗೆವರೆಗೂ ಫೈಲೇ ತೆಗೆದಿರಲಿಲ್ಲ. ಈಗ ಓದಿದೀನಿ, ಎರಡು ಕಡೆ ಗುರುತು ಹಾಕಿದೀನಿ. ಕಳಿಸಿ ಆಗಿರುತ್ತೆ, ಈಗ ಬೇಡ ಅನ್ಸಿದ್ರೆ ನನ್ನ ಹತ್ರನೇ ಇರುತ್ತೆ, ಇಂಟರ್ವ್ಯೂಗೆ ಬೇಕಾದ್ರೆ ಹೇಳು."

ಮೊದಲ ವಾಕ್ಯನೇ ಟಿಕ್ ಬಗ್ಗೆ ಇದೆ. ನೋಡಿಲ್ಲ ಅನ್ನೋ ಹಾಗಿಲ್ಲ, ಅವಳ ಹತ್ರ 10:52 ಅಂತ ಟೈಮ್ ಸಮೇತ ಇದೆ, ಒಪ್ಪಿಕೊಂಡ್ರೆ ಮುಂದಿನ ಮಾತುಗಳನ್ನ ನಂಬೋಕೆ ಸುಲಭ ಆಗುತ್ತೆ. ಎರಡನೇ ವಾಕ್ಯದಲ್ಲಿ ಕಾರಣ ಇದೆ, ಆದ್ರೆ ಅದು ಅರ್ಧ ವಾಕ್ಯದಷ್ಟೇ, ಮತ್ತೆ ಅದು "ಓದಲಿಲ್ಲ, ಹೇಳಲೂ ಇಲ್ಲ" ಅನ್ನೋದಕ್ಕೆ ಹೋಗಿ ಸೇರುತ್ತೆ. ಕಾರಣ ಆಮೇಲೆ ಬಂದು ಕ್ಷಮೆಯನ್ನ ಮುಚ್ಚಿದ್ರೆ ನೆಪ ಆಗುತ್ತೆ, ಕಾರಣ ಮೊದಲು ಬಂದು ತಪ್ಪಿನವರೆಗೆ ಕರ್ಕೊಂಡು ಹೋದ್ರೆ ವಿವರಣೆ ಆಗುತ್ತೆ. ಕ್ಷಮೆ ಆದ್ಮೇಲೆ "ಆದ್ರೆ" ಅಂತ ಶುರುವಾಗೋ ವಾಕ್ಯ ಬರೆದಿದ್ರೆ ಅಳಿಸೋದು ಒಳ್ಳೇದು.

ನನ್ನ ಪ್ರಕಾರ ಇದರಲ್ಲಿ ಎಲ್ಲಕ್ಕಿಂತ ಬೇಕಾಗಿರೋದು "ಬರಹ ಚೆನ್ನಾಗಿಲ್ಲ ಅಂತ ಸುಮ್ಮನಿದ್ದಿದ್ದಲ್ಲ" ಅನ್ನೋ ಮಾತು. ತಡದ ಕಾರಣ ಹೇಳೋರು ತಮ್ಮ ಕಡೆ ಏನಾಯ್ತು ಅಂತ ಹೇಳ್ತಾರೆ, ಅವರ ಕಡೆ ಏನು ಅನ್ಸಿರಬಹುದು ಅಂತ ಯೋಚಿಸಲ್ಲ. ಆ ತಪ್ಪು ಅರ್ಥವನ್ನ ಹೆಸರು ಹಿಡಿದು ತೆಗೆದು ಹಾಕದಿದ್ರೆ ಮೀಟಿಂಗ್‌ಗಳ ಪಟ್ಟಿ ಎಷ್ಟು ಉದ್ದ ಇದ್ರೂ ಅದು ಅಲ್ಲೇ ಉಳಿಯುತ್ತೆ. ಅದು ನಿಜ ಆಗಿದ್ರೆ ಮಾತ್ರ ಬರೀಬೇಕು ಅನ್ನೋದು ಹೇಳಬೇಕಾಗಿಲ್ಲ. ಬರಹ ನಿಜಕ್ಕೂ ಇಷ್ಟ ಆಗದೇ ಸುಮ್ಮನಿದ್ದಿದ್ರೆ "ಹೇಗೆ ಹೇಳೋದು ಅಂತ ಗೊತ್ತಾಗದೆ ಸುಮ್ಮನಾದೆ" ಅಂತಲೇ ಬರೆಯೋದು ಸರಿ.

## ಎಲ್ಲಿ ಇದು ಹೊಂದಲ್ಲ

ಆರೋಗ್ಯ ಕೆಟ್ಟಿತ್ತು, ಮನೆಯಲ್ಲಿ ಏನೋ ಆಗಿತ್ತು ಅನ್ನೋ ಹಾಗಿದ್ರೆ ವಿವರ ಕೊಡಲೇಬೇಕಾಗಿಲ್ಲ. "ಮನೆಯಲ್ಲಿ ಒಂದು ವಿಷಯ ಇತ್ತು, ಈ ವಾರ ಯಾರಿಗೂ ಉತ್ತರ ಕೊಟ್ಟಿಲ್ಲ" ಅಂದ್ರೆ ಸಾಕು, ಆ "ಯಾರಿಗೂ" ಅನ್ನೋ ಪದ ನಿಜವಾಗಿದ್ರೆ ಅದೇ ಅರ್ಧ ಅನುಮಾನ ಕಳೆಯುತ್ತೆ. ಒಂದೆರಡು ಗಂಟೆ ತಡಕ್ಕೆ ಇಷ್ಟೆಲ್ಲ ಬರೆಯೋದು ಅತಿ, ನೇರ ಉತ್ತರ ಕೊಟ್ರೆ ಆಯ್ತು. ಮೇಲಧಿಕಾರಿಗೆ ಬರೆಯುವಾಗ ಭಾವನೆಯ ಭಾಗ ಬೇಕಾಗಿಲ್ಲ, ದಿನಾಂಕ ಬೇಕು: "ಸರ್, ಸೋಮವಾರದ ನಿಮ್ಮ ಮೆಸೇಜ್ ನೋಡಿದ್ದೆ, ಉತ್ತರ ಕೊಡಲಿಲ್ಲ, ತಪ್ಪಾಯ್ತು. ಲೆಕ್ಕ ಅರ್ಧ ಆಗಿದೆ, ನಾಳೆ ಮಧ್ಯಾಹ್ನ ಕಳಿಸ್ತೀನಿ." ಆಮೇಲೆ ನಾಳೆ ಮಧ್ಯಾಹ್ನ ಕಳಿಸಲೇಬೇಕು, ಯಾಕಂದ್ರೆ ಒಂದೇ ವ್ಯಕ್ತಿಗೆ ಮೂರನೇ ಸಲ ಹೋಗೋ ಇಂಥ ಮೆಸೇಜ್ ಎಷ್ಟು ಚೆನ್ನಾಗಿ ಬರೆದಿದ್ರೂ ಸಬೂಬೇ.

ಚಾಟ್ ತೆರೆದ ಮಂಗಳವಾರವೇ ಇಪ್ಪತ್ತು ಸೆಕೆಂಡ್ ಇದ್ದಿದ್ರೆ "ನೋಡ್ತೀನಿ" ಅನ್ನೋ ಬದಲು "ಬಂತು, ಇನ್ನೂ ಓದಿಲ್ಲ. ಬುಧವಾರ ರಾತ್ರಿಯೊಳಗೆ ನಾನು ಹೇಳದಿದ್ರೆ ಬೇರೆಯವರಿಗೆ ತೋರಿಸು" ಅಂತ ಹಾಕಬಹುದಿತ್ತು. ಕಳಿಸೋಳೂ "ಬುಧವಾರದೊಳಗೆ ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳು, ಬೇಜಾರಿಲ್ಲ" ಅಂತ ಸೇರಿಸಿದ್ರೆ ಇಲ್ಲ ಅನ್ನೋದು ಆಕೆಗೂ ಸುಲಭ ಆಗ್ತಿತ್ತು. "?" ಮಾತ್ರ ಕಳಿಸಬಾರದಿತ್ತು, ಅದರಲ್ಲಿ ಕೇಳಿದ್ದೇನು ಅಂತಲೇ ಗೊತ್ತಾಗಲ್ಲ.

ಇನ್ನೊಂದು. ಶನಿವಾರ 9:15ಕ್ಕೆ ಆ ಉದ್ದ ಮೆಸೇಜ್ ಹೋಯ್ತು, 9:20ಕ್ಕೆ ನೀಲಿ ಆಯ್ತು, ಉತ್ತರ ಇಲ್ಲ. ಈಗ ಕಾಯೋ ಸರದಿ ಬದಲಾಗಿದೆ. ನಾಲ್ಕು ದಿನ ಕಾದವಳಿಗೆ ಎರಡು ದಿನ ಬೇಕಾಗಬಹುದು, ಅಥವಾ ಅವಳೂ ಎಲ್ಲೋ ಕ್ಯೂನಲ್ಲಿ ನಿಂತು ಚಾಟ್ ತೆರೆದು ಸಂಜೆ ಬರೆಯೋಣ ಅಂತ ಇಟ್ಟಿರಬಹುದು. "ನೋಡಿದ್ಯಾ?", "ಇನ್ನೂ ಕೋಪನಾ?" ಅಂತ ಮತ್ತೆ ಕಳಿಸಬಾರದು, ಗುರುತು ಹಾಕಿದ ಫೈಲನ್ನ ಬೇಡದೇ ಇದ್ರೂ ಕಳಿಸಿ ಒತ್ತಾಯ ಮಾಡಬಾರದು. ಬೇಕಾದ್ರೆ ಹೇಳು ಅಂತ ಬರೆದಾಗಿದೆ, ಮುಂದಿನ ಮಾತು ಅವಳದ್ದು.